ಕಪ್ಪು ಕಳಚಿದ ಬೆಡಿ ಚಿತ್ರ ಮಂಕಾಗುವುದೇಕೆ: ದೋಷ ನಿವಾರಣೆ ಕೈಪಿಡಿ

ಕತ್ತಲ ಆಕಾಶದಲ್ಲಿ ತೆಗೆದ ಬೆಡಿಯ, ಅಂದರೆ ಸುಡುಮದ್ದಿನ, ಚಿತ್ರದಿಂದ ಕಪ್ಪನ್ನು ಕಳಚಿ, ಬೆಳಕನ್ನಷ್ಟೇ ಉಳಿಸಿಕೊಂಡು ಬೇರೊಂದು ಬಣ್ಣದ ಮೇಲೆ ಕೂರಿಸುವ ಕೆಲಸ ಮಂಗಳೂರು, ಉಡುಪಿಯ ಡಿಟಿಪಿ ಅಂಗಡಿಗಳಿಗೆ ಜಾತ್ರೆಯ ತಿಂಗಳುಗಳಲ್ಲಿ ಪದೇ ಪದೇ ಬರುತ್ತದೆ. ಆಮಂತ್ರಣ ಪತ್ರಿಕೆಗೆ, ಫ್ಲೆಕ್ಸಿಗೆ, ಮೊಬೈಲಿನಲ್ಲಿ ಹಂಚುವ ಚಿತ್ರಕ್ಕೆ ಒಂದೇ ಬೆಡಿಯನ್ನು ಮೂರು ಹಿನ್ನೆಲೆಗಳ ಮೇಲೆ ಇಡಬೇಕಾಗುತ್ತದೆ. ಪಿಕ್ಸೆಲ್ ಎಷ್ಟು ಹೊಳೆಯುತ್ತದೆಯೋ ಅಷ್ಟು ಗಟ್ಟಿ, ಎಷ್ಟು ಕಪ್ಪೋ ಅಷ್ಟು ಪಾರದರ್ಶಕ ಎಂಬ ನಿಯಮ ಸರಿಯಾದದ್ದೇ. ಹಾಗಿದ್ದರೂ ಫಲಿತಾಂಶದಲ್ಲಿ ಬೆಡಿಯ ಬಾಲಗಳು ಸಣ್ಣಗಾಗುತ್ತವೆ, ಅಂಚಿನಲ್ಲಿ ಮಸಿ ಹಿಡಿದಂತೆ ಕಾಣುತ್ತದೆ, ನೀಲಿ ಕಿಡಿಗಳು ಬೂದಿಯಾಗುತ್ತವೆ, ಇಲ್ಲವೇ ಚಿತ್ರದ ಸುತ್ತ ತೆಳುವಾದ ಆಯತವೊಂದು ಉಳಿದುಬಿಡುತ್ತದೆ. ಇವೆಲ್ಲಕ್ಕೂ ಕಾರಣ ಒಂದೇ ಅಲ್ಲ. ಯಾವುದು ಎಂದು ಗುರುತಿಸದೆ ಹೊಳಪನ್ನು ಏರಿಸುತ್ತ ಹೋದರೆ ಒಂದು ದೋಷದ ಮೇಲೆ ಇನ್ನೊಂದು ಕೂರುತ್ತದೆ.

ಉಡುಪಿ ಸಮೀಪದ ದೇವಸ್ಥಾನವೊಂದರ ವರ್ಷಾವಧಿ ಜಾತ್ರೆಯ ಬೆಡಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಕ್ಯಾಮರಾವನ್ನು ಟ್ರೈಪಾಡಿನ ಮೇಲಿಟ್ಟು ಕೆಲವು ಸೆಕೆಂಡುಗಳ ಎಕ್ಸ್‌ಪೋಶರಿನಲ್ಲಿ ತೆಗೆದ ಚಿತ್ರದಲ್ಲಿ ಕಿತ್ತಳೆ ಬಾಲಗಳು, ನೀಲಿ ಕಿಡಿಗಳು, ಮಧ್ಯದಲ್ಲಿ ಬಿಳಿ ಹೂವು ಇವೆ. ಅದನ್ನು ಕುಂಕುಮಗಪ್ಪು ಬಣ್ಣದ ಫ್ಲೆಕ್ಸಿನ ಮೇಲೆ ಕೂರಿಸಬೇಕು. ಫ್ಲೆಕ್ಸಿನ ಬಣ್ಣ ಕೆಂಪು, ಹಸಿರು, ನೀಲಿ ಕ್ರಮದಲ್ಲಿ (90, 15, 20). ಇಲ್ಲಿನ ಎಲ್ಲ ಬಣ್ಣಗಳೂ 0ರಿಂದ 255ರ ಅಳತೆಯಲ್ಲಿವೆ. ಆಲ್ಫಾ, ಅಂದರೆ ಗಟ್ಟಿತನ, 0ರಿಂದ 1ರ ಅಳತೆಯಲ್ಲಿದೆ.

ಮೊದಲು ಮಾಡಬೇಕಾದ ಪರೀಕ್ಷೆ

ಕಳಚಿದ ಪದರದ ಕೆಳಗೆ ಅಚ್ಚಕಪ್ಪು ಪದರವೊಂದನ್ನು ಹಾಕಿ. ಎಲ್ಲಕ್ಕಿಂತ ಮೇಲೆ ಮೂಲ ಚಿತ್ರವನ್ನಿಟ್ಟು ಅದರ ಮೋಡ್ ಅನ್ನು Difference ಮಾಡಿ. ಕಪ್ಪಿನಿಂದ ತೆಗೆದ ಬೆಳಕನ್ನು ಮತ್ತೆ ಕಪ್ಪಿನ ಮೇಲಿಟ್ಟರೆ ಮೂಲ ಚಿತ್ರವೇ ಮರಳಿ ಬರಬೇಕು, ಆದ್ದರಿಂದ ಪರದೆ ಪೂರ್ತಿ ಕಪ್ಪಾಗಿ ಕಾಣಬೇಕು. ಎಲ್ಲಿ ಬೆಳಕು ಉಳಿಯುತ್ತದೆಯೋ ಅಲ್ಲಿ ತಪ್ಪಿದೆ. ಕಣ್ಣಿಗೆ ಸಿಗದಷ್ಟು ಸಣ್ಣ ವ್ಯತ್ಯಾಸವನ್ನು ಕಾಣಲು ಎಲ್ಲದರ ಮೇಲೊಂದು Levels ಹೊಂದಾಣಿಕೆ ಹಾಕಿ ಬಿಳಿಯ ಬಿಂದುವನ್ನು 30ರ ಹತ್ತಿರಕ್ಕೆ ಎಳೆಯಬಹುದು. ಆಮೇಲೆ Levels ಮತ್ತು Difference ಪದರಗಳನ್ನು ಮರೆಮಾಡಿ, ಕಪ್ಪಿನ ಮೇಲಿರುವ ಬೆಳಕು ಮೂಲಕ್ಕಿಂತ ಮಂಕಾಗಿದೆಯೋ, ಹೊಳಪಾಗಿದೆಯೋ, ಬಣ್ಣ ತಪ್ಪಿದೆಯೋ ಎಂದು ನೋಡಬೇಕು. ಮುಂದಿನ ಹೆಜ್ಜೆ ಯಾವುದೆಂಬುದನ್ನು ಈ ಉತ್ತರವೇ ತೀರ್ಮಾನಿಸುತ್ತದೆ.

ಕಪ್ಪಿನ ಮೇಲೆ ಮೂಲಕ್ಕಿಂತ ಮಂಕಾಗಿದ್ದರೆ

ಅತ್ಯಂತ ಹೆಚ್ಚಾಗಿ ಕಾಣುವ ದೋಷ ಇದು, ಮಸಿಯಂಚಿಗೆ ಕಾರಣವೂ ಇದೇ. ಚಿತ್ರವನ್ನೇ ನಕಲು ಮಾಡಿ ಅದರದೇ ಲೇಯರ್ ಮಾಸ್ಕ್‌ಗೆ ಅಂಟಿಸಿದಾಗ, ಅಥವಾ ಫೋಟೋಶಾಪ್‌ನ Channels ಫಲಕದಲ್ಲಿ RGB ಸಾಲಿನ ಪುಟ್ಟ ಚಿತ್ರದ ಮೇಲೆ Ctrl ಒತ್ತಿ ಕ್ಲಿಕ್ಕಿಸಿ ಬಂದ ಆಯ್ಕೆಯನ್ನು ಮಾಸ್ಕ್ ಮಾಡಿದಾಗ ಹೀಗಾಗುತ್ತದೆ. ಮಾಸ್ಕಿನಲ್ಲಿ ಬೆಳಕಿನ ಪ್ರಮಾಣ ದಾಖಲಾಗಿದ್ದರೂ ಪದರದಲ್ಲಿ ಉಳಿದ ಬಣ್ಣ ಕಪ್ಪು ಬೆರೆತ ಹಳೆಯ ಬಣ್ಣವೇ ಆಗಿರುತ್ತದೆ. ಹೀಗಾಗಿ ಮಂಕುತನ ಒಮ್ಮೆ ಬಣ್ಣದಲ್ಲಿ, ಇನ್ನೊಮ್ಮೆ ಮಾಸ್ಕಿನಲ್ಲಿ, ಒಟ್ಟು ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ.

ಬಾಲದ ತುದಿಯಲ್ಲಿರುವ ಒಂದು ಮಂದ ಪಿಕ್ಸೆಲ್ (40, 24, 8) ಎಂದಿಟ್ಟುಕೊಳ್ಳಿ. ಅದರ ಅತಿ ದೊಡ್ಡ ಅಂಕಿಯಾದ 40ನ್ನು 255ರಿಂದ ಭಾಗಿಸಿದರೆ ಆಲ್ಫಾ 0.157. ಬಣ್ಣವನ್ನು ಹಾಗೆಯೇ ಬಿಟ್ಟು ಈ ಆಲ್ಫಾವನ್ನು ಹಚ್ಚಿದರೆ ಕಪ್ಪಿನ ಮೇಲೆ ಸಿಗುವ ಕೆಂಪು ಕೇವಲ 6. ಮೂಲದಲ್ಲಿ 40 ಇದ್ದ ಬೆಳಕಿನಲ್ಲಿ ಆರರಲ್ಲೊಂದು ಪಾಲು ಕೂಡ ಉಳಿದಿಲ್ಲ. ಹೂವಿನ ಮಧ್ಯದ 250ರ ಪಿಕ್ಸೆಲ್ ಮಾತ್ರ 245 ಆಗಿ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಬೆಡಿಯ ನಡುಭಾಗ ಚೆನ್ನಾಗಿ ಕಂಡು ಬಾಲಗಳು ಮಾತ್ರ ಮಾಯವಾಗುವುದು ಈ ಅಸಮಾನತೆಯಿಂದ. ಇನ್ನು ಅದೇ ಪಿಕ್ಸೆಲ್ ಅನ್ನು ಫ್ಲೆಕ್ಸಿನ ಮೇಲಿಡಿ. ಹಿನ್ನೆಲೆಯ 90ರಲ್ಲಿ 0.843 ಪಾಲು, ಅಂದರೆ 76, ಉಳಿಯುತ್ತದೆ. ಅದಕ್ಕೆ ನಮ್ಮ 6 ಸೇರಿ 82 ಆಗುತ್ತದೆ. ಬೆಳಕು ಬಿದ್ದ ಜಾಗ ಬೆಳಕಿಲ್ಲದ ಜಾಗಕ್ಕಿಂತ ಕಪ್ಪಾಯಿತು. ಹಿನ್ನೆಲೆಗಿಂತ ಮಂದವಾದ ಪ್ರತಿಯೊಂದು ಪಿಕ್ಸೆಲ್ಲೂ ಹೀಗೆ ಹಿನ್ನೆಲೆಯನ್ನು ಕಪ್ಪಾಗಿಸುತ್ತದೆ, ಬಾಲದ ಸುತ್ತ ಕಾಣುವ ಮಸಿ ಇದೇ. ಮಾಸ್ಕನ್ನು ಮಸುಕು ಮಾಡುವುದರಿಂದಾಗಲಿ ಅಂಚನ್ನು ಒಂದು ಪಿಕ್ಸೆಲ್ ಒಳಕ್ಕೆ ಸರಿಸುವುದರಿಂದಾಗಲಿ ಅದು ಹೋಗುವುದಿಲ್ಲ, ಏಕೆಂದರೆ ತಪ್ಪು ಅಂಚಿನಲ್ಲಿಲ್ಲ, ಬಣ್ಣದಲ್ಲಿದೆ.

ಪರಿಹಾರ ಒಂದೇ: ಬಣ್ಣವನ್ನು ಆಲ್ಫಾದಿಂದ ಭಾಗಿಸಬೇಕು. (40, 24, 8) ಅನ್ನು 0.157ರಿಂದ ಭಾಗಿಸಿದರೆ (255, 153, 51) ಎಂಬ ತುಂಬು ಕಿತ್ತಳೆ ಸಿಗುತ್ತದೆ. ಅದೇ ಬಾಲದ ಮೇಲ್ಭಾಗದ ಹೊಳೆಯುವ ಪಿಕ್ಸೆಲ್ (200, 120, 40) ಅನ್ನು ಅದರ ಆಲ್ಫಾ 0.784ರಿಂದ ಭಾಗಿಸಿದರೂ ಅದೇ ಕಿತ್ತಳೆಯೇ ಬರುತ್ತದೆ. ಇದರಿಂದ ಭಾಗಾಕಾರ ಏನು ಮಾಡುತ್ತದೆಂದು ತಿಳಿಯುತ್ತದೆ: ಇಡೀ ಬಾಲದ ಬಣ್ಣ ಒಂದೇ, ಹೊಳಪಿನ ಏರಿಳಿತವೆಲ್ಲ ಆಲ್ಫಾಕ್ಕೆ ಹೋಯಿತು. ಫ್ಲೆಕ್ಸಿನ ಮೇಲೆ ಆ ಮಂದ ಪಿಕ್ಸೆಲ್ ಈಗ 76 ಮತ್ತು 40 ಸೇರಿ 116 ಆಗುತ್ತದೆ. ಬೆಳಕು ಬಿದ್ದ ಜಾಗ ಬೆಳಕಿನಂತೆಯೇ ಕಾಣುತ್ತದೆ. ಭಾಗಿಸಿದ ಪದರವನ್ನು ಆಲ್ಫಾ ಇಲ್ಲದೆ ನೋಡಿದರೆ ಬಣ್ಣಗಳು ಅತಿ ಗಾಢವಾಗಿ, ಅಂಚುಗಳು ಕತ್ತರಿಸಿದಂತೆ ಕಾಣುತ್ತವೆ. ಅದನ್ನು ಕಂಡು ಕೆಲಸ ಕೆಟ್ಟಿತೆಂದು ಹಿಂದಕ್ಕೆ ಹೋಗಬೇಕಾಗಿಲ್ಲ.

ಗಿಂಪ್‌ನಲ್ಲಿ Colors ಪಟ್ಟಿಯ Color to Alpha ಸಾಧನಕ್ಕೆ ಕಪ್ಪು ಬಣ್ಣ ಕೊಟ್ಟರೆ ಆಲ್ಫಾ ಮತ್ತು ಭಾಗಾಕಾರ ಎರಡೂ ಒಟ್ಟಿಗೆ ಆಗುತ್ತವೆ. ಅನೇಕ ಚಿತ್ರಗಳಿದ್ದರೆ ಈ ಕೆಳಗಿನ ಪೈಥಾನ್ ಸಾಲುಗಳು ಸಾಕು. ಅದರಲ್ಲಿರುವ `b` ಎಂಬುದು ಆಕಾಶದ ಕಪ್ಪನ್ನು ಕಳೆಯುವ ಅಂಕಿ. ಅದರ ವಿವರ ಮುಂದೆ ಬರುತ್ತದೆ.

```python
import numpy as np
from PIL import Image

b = np.array([18, 14, 11])
c = np.asarray(Image.open("bedi.png").convert("RGB")).astype(float)
c = np.clip((c - b) / (255 - b), 0, 1)
a = c.max(axis=2, keepdims=True)
rgb = c / np.maximum(a, 1e-6)
out = np.concatenate([rgb, a], axis=2)
Image.fromarray((out * 255).round().astype("uint8")).save("bedi-alpha.png")
```

ನೀಲಿ ಮತ್ತು ಕೆಂಪು ಮಾತ್ರ ಸೊರಗಿದ್ದರೆ

ಭಾಗಾಕಾರ ಮಾಡಿಯೂ ಕೆಲವು ಬಣ್ಣಗಳಷ್ಟೇ ಮರಳಿ ಬಾರದಿದ್ದರೆ ಆಲ್ಫಾವನ್ನು ಯಾವುದರಿಂದ ತೆಗೆದಿರಿ ಎಂದು ನೋಡಬೇಕು. ಚಿತ್ರವನ್ನು ಕಪ್ಪು-ಬಿಳಿಗೆ ತಿರುಗಿಸಿ ಮಾಸ್ಕ್ ಮಾಡಿದಾಗ ತಂತ್ರಾಂಶವು ಮನುಷ್ಯನ ಕಣ್ಣಿನ ಸಂವೇದನೆಗೆ ತಕ್ಕಂತೆ ತೂಕ ಹಾಕುತ್ತದೆ. ಬಹಳ ಕಡೆ ಬಳಕೆಯಲ್ಲಿರುವ ತೂಕ ಕೆಂಪಿಗೆ 0.2126, ಹಸಿರಿಗೆ 0.7152, ನೀಲಿಗೆ 0.0722. ಕಣ್ಣಿಗೆ ಹಸಿರು ಹೆಚ್ಚು ಹೊಳೆಯುತ್ತದೆ, ನೀಲಿ ಬಹಳ ಕಡಿಮೆ; ಕಪ್ಪು-ಬಿಳಿ ಚಿತ್ರಕ್ಕೆ ಅದು ನ್ಯಾಯವಾದ ತೂಕ. ಆದರೆ ಈ ಕೆಲಸದಲ್ಲಿ ನಮಗೆ ಬೇಕಿರುವುದು ಕಣ್ಣಿನ ಅನಿಸಿಕೆಯಲ್ಲ, ಆ ಪಿಕ್ಸೆಲ್ಲಿನ ಬೆಳಕನ್ನು ಹೊರಲು ಬೇಕಾದ ಕನಿಷ್ಠ ಗಟ್ಟಿತನ.

ನೀಲಿ ಕಿಡಿ (20, 40, 230) ಎಂದಿರಲಿ. ಮೇಲಿನ ತೂಕದಲ್ಲಿ ಅದರ ಹೊಳಪು ಸುಮಾರು 49, ಆಲ್ಫಾ 0.194. ನೀಲಿಯ 230ನ್ನು ಅದರಿಂದ ಭಾಗಿಸಿದರೆ 1,180ನ್ನೂ ಮೀರುತ್ತದೆ, ಆದರೆ ಕಡತದಲ್ಲಿ 255ಕ್ಕಿಂತ ಹೆಚ್ಚಿಗೆ ಜಾಗವಿಲ್ಲದ ಕಾರಣ ಉಳಿದದ್ದು ಕತ್ತರಿಸಿಹೋಗುತ್ತದೆ. ಮತ್ತೆ ಕಪ್ಪಿನ ಮೇಲಿಟ್ಟಾಗ ಸಿಗುವುದು (20, 40, 49). ಕೆಂಪು, ಹಸಿರು ಸರಿಯಾಗಿವೆ, ನೀಲಿ ಐದರಲ್ಲೊಂದು ಪಾಲಿಗೆ ಇಳಿದಿದೆ. ಕಿಡಿ ಬೂದು ಮಿಶ್ರಿತ ಮಂಕು ಬಣ್ಣವಾಗಿದೆ. Difference ಪರೀಕ್ಷೆಯಲ್ಲಿ ಶುದ್ಧ ನೀಲಿ ಅಥವಾ ಶುದ್ಧ ಕೆಂಪು ಕಲೆಗಳು ಉಳಿದರೆ ಇದೇ ದೋಷ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕೊಟ್ಟಾರ ಚೌಕಿಯ ಫ್ಲೈಓವರ್ ಬಳಿ ತೆಗೆದ ವಾಹನಗಳ ಬೆಳಕಿನ ಗೆರೆಗಳಲ್ಲಿ ಇದು ಇನ್ನೂ ಸ್ಪಷ್ಟ: ಎದುರು ಬರುವ ವಾಹನಗಳ ಬಿಳಿ ಗೆರೆಗಳು ಗಟ್ಟಿಯಾಗಿ ನಿಂತು, ಹಿಂದಿನ ಕೆಂಪು ದೀಪಗಳ ಗೆರೆಗಳು ಕಾಲುಭಾಗಕ್ಕೆ ಇಳಿದಿರುತ್ತವೆ.

ಮೂರು ಚಾನೆಲ್‌ಗಳಲ್ಲಿ ಅತಿ ದೊಡ್ಡದನ್ನೇ ಆಲ್ಫಾ ಮಾಡಿದರೆ ಭಾಗಲಬ್ಧ ಎಂದೂ 255 ಮೀರುವುದಿಲ್ಲ. ಮೇಲಿನ ಸಾಲುಗಳಲ್ಲಿರುವ `max` ಇದಕ್ಕೇ. ಫೋಟೋಶಾಪ್‌ನಲ್ಲಿ ಇದಕ್ಕೆ ನೇರ ಗುಂಡಿಯಿಲ್ಲದ ಕಾರಣ ಅನೇಕರು ಬೇರೊಂದು ದಾರಿ ಹಿಡಿಯುತ್ತಾರೆ: ಕೆಂಪು ಚಾನೆಲ್‌ನ ಆಯ್ಕೆಗೆ ಹೊಸ ಪದರದಲ್ಲಿ ಶುದ್ಧ ಕೆಂಪು, ಹಸಿರಿನದಕ್ಕೆ ಶುದ್ಧ ಹಸಿರು, ನೀಲಿಯದಕ್ಕೆ ಶುದ್ಧ ನೀಲಿ ತುಂಬಿ, ಮೂರನ್ನೂ Screen ಮೋಡ್‌ಗೆ ತಂದು ಒಂದಾಗಿಸುವುದು. ಕಪ್ಪಿನ ಪರೀಕ್ಷೆಯಲ್ಲಿ ಇದು ಪೂರ್ತಿ ತೇರ್ಗಡೆಯಾಗುತ್ತದೆ. ಆದರೆ ಮೂರು ಪದರಗಳ ಗಟ್ಟಿತನ ಒಟ್ಟುಗೂಡುವುದರಿಂದ 128ರ ನಸುಬೂದು ಪಿಕ್ಸೆಲ್ಲಿಗೆ 0.5ರ ಬದಲು 0.875 ಆಲ್ಫಾ ಬರುತ್ತದೆ. ಫ್ಲೆಕ್ಸಿನ ಕೆಂಪು ಆ ಜಾಗದಲ್ಲಿ 173 ಆಗುವ ಬದಲು 139ಕ್ಕೇ ನಿಲ್ಲುತ್ತದೆ, ಹಾಗಾಗಿ ಬಿಳಿ ಬೆಳಕಿನ ಸುತ್ತಲಿನ ಪ್ರಭೆ ಹಿನ್ನೆಲೆಯನ್ನು ಮುಚ್ಚಿದಂತೆ ಕಾಣುತ್ತದೆ. ಬಣ್ಣಬಣ್ಣದ ಕಿಡಿಗಳಿಗೆ ಈ ದಾರಿ ಪರವಾಗಿಲ್ಲ. ಬಿಳಿ ಹೂವು ದೊಡ್ಡದಾಗಿರುವ ಚಿತ್ರಕ್ಕೆ ನಾನು ಅದನ್ನು ಬಳಸುವುದಿಲ್ಲ.

ಕಪ್ಪಿನ ಮೇಲೆ ಮೂಲಕ್ಕಿಂತ ಹೊಳಪಾಗಿದ್ದರೆ

ಪ್ರಭೆ ಊದಿಕೊಂಡು, ಬಾಲಗಳು ದಪ್ಪವಾಗಿ, ಮೂಲದಲ್ಲಿ ಕಾಣದಿದ್ದ ಹೊಗೆ ಎದ್ದು ಕಂಡರೆ ಲೆಕ್ಕ ಮಾಡಿದ ಅಳತೆಯೂ ಪದರಗಳನ್ನು ಬೆರೆಸುವ ಅಳತೆಯೂ ಬೇರೆಯಾಗಿವೆ ಎಂದರ್ಥ. ಚಿತ್ರದ ಕಡತದಲ್ಲಿರುವ ಅಂಕಿಗಳು ಬೆಳಕಿನ ನಿಜ ಪ್ರಮಾಣವಲ್ಲ. ಕಣ್ಣಿಗೆ ಹೊಂದುವಂತೆ ಬಾಗಿಸಿದ ಅಂಕಿಗಳು. ಬ್ರೌಸರುಗಳೂ ಸಾಮಾನ್ಯ ಹೊಂದಾಣಿಕೆಯಲ್ಲಿರುವ ಫೋಟೋಶಾಪೂ ಈ ಬಾಗಿದ ಅಂಕಿಗಳನ್ನೇ ಬೆರೆಸುತ್ತವೆ. ಗಿಂಪ್ 2.10ರಿಂದೀಚೆಗೆ ಹೊಸ ಪದರದ Normal ಮೋಡ್ ಬೆಳಕಿನ ನಿಜ ಪ್ರಮಾಣಕ್ಕೆ ತಿರುಗಿಸಿಕೊಂಡು ಬೆರೆಸುತ್ತದೆ. ನಮ್ಮ ಮಂದ ಪಿಕ್ಸೆಲ್ (40, 24, 8) ಅಲ್ಲಿ ಕಪ್ಪಿನ ಮೇಲೆ ಸುಮಾರು (110, 63, 16) ಆಗಿಬಿಡುತ್ತದೆ. 200ರ ಮೇಲಿನ ಹೊಳೆಯುವ ಭಾಗಗಳಲ್ಲಿ ವ್ಯತ್ಯಾಸ ಸಣ್ಣದು, ಮಂದ ಭಾಗಗಳಲ್ಲಿ ಬಹಳ ದೊಡ್ಡದು. ಆದ್ದರಿಂದಲೇ ನೋಡುವವರಿಗೆ ಬೆಡಿಯ ಸುತ್ತ ಮಂಜು ಕವಿದಂತೆ ಅನಿಸುತ್ತದೆ.

ಪದರದ ಮೋಡ್ ಪಟ್ಟಿಯ ಪಕ್ಕದಲ್ಲಿರುವ ಚಿಹ್ನೆಯನ್ನು ಒತ್ತಿ Legacy ಗುಂಪಿನ Normal ಆರಿಸಿದರೆ ಗಿಂಪ್ ಕೂಡ ಬಾಗಿದ ಅಂಕಿಗಳನ್ನೇ ಬೆರೆಸುತ್ತದೆ ಮತ್ತು ಪರೀಕ್ಷೆ ಕಪ್ಪಾಗುತ್ತದೆ. ಕಡತ ಕೊನೆಗೆ ಬ್ರೌಸರಿಗೋ ಮೊಬೈಲಿಗೋ ಹೋಗುವುದಾದರೆ ಇದೇ ಸರಿಯಾದ ಹೊಂದಾಣಿಕೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ಗಿಂಪ್‌ನಲ್ಲಿ ಊದಿದಂತೆ ಕಂಡದ್ದನ್ನು ನೋಡಿ ಆಲ್ಫಾವನ್ನೇ ತಗ್ಗಿಸಿ ಉಳಿಸಿದರೆ, ಅದೇ ಕಡತ ಬ್ರೌಸರಿನಲ್ಲಿ ಮಂಕಾಗಿ ಕಾಣುತ್ತದೆ. ಮೊದಲು ಬೆರೆಸುವ ಕ್ರಮವನ್ನು ಸರಿಪಡಿಸಿ, ಆಮೇಲಷ್ಟೇ ಆಲ್ಫಾವನ್ನು ಮುಟ್ಟಬೇಕು.

ಕಪ್ಪಿನ ಮೇಲೆ ಸರಿಯಿದ್ದು ಫ್ಲೆಕ್ಸಿನ ಮೇಲೆ ಆಯತ ಕಂಡರೆ

ಈ ದೋಷವನ್ನು ಮೊದಲ ಪರೀಕ್ಷೆ ಹಿಡಿಯುವುದಿಲ್ಲ, ಏಕೆಂದರೆ ಲೆಕ್ಕದಲ್ಲಿ ತಪ್ಪಿಲ್ಲ, ಆಕಾಶವೇ ಕಪ್ಪಲ್ಲ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ಪೇಟೆಯ ದೀಪಗಳ ಬೆಳಕು ಅದರಲ್ಲಿ ಚೆದುರುತ್ತದೆ, ಜೊತೆಗೆ ಮೊದಲ ಸುತ್ತಿನ ಬೆಡಿಯ ಹೊಗೆ ಗಾಳಿಯಿಲ್ಲದ ರಾತ್ರಿಯಲ್ಲಿ ಅಲ್ಲಿಯೇ ನಿಂತಿರುತ್ತದೆ. ಕಣ್ಣಿಗೆ ಕಪ್ಪಾಗಿ ಕಂಡ ಆಕಾಶವನ್ನು ಬಣ್ಣ ಅಳೆಯುವ ಸಾಧನದಿಂದ ನೋಡಿದರೆ (14, 10, 7) ಸಿಗಬಹುದು. ಆಲ್ಫಾ 0.055 ಆಗಿ, ಭಾಗಿಸಿದ ಬಣ್ಣ (255, 182, 128) ಎಂಬ ತಿಳಿಗಿತ್ತಳೆ ಆಗುತ್ತದೆ. ಫ್ಲೆಕ್ಸಿನ (90, 15, 20) ಅದರಡಿಯಲ್ಲಿ (99, 24, 26) ಆಗುತ್ತದೆ. ಚಿತ್ರ ಮುಗಿಯುವಲ್ಲಿ ಈ ತೆಳುಪರದೆಯೂ ಮುಗಿಯುವುದರಿಂದ ಅಂಚಿನಲ್ಲಿ ನೇರ ಗೆರೆ ಕಾಣುತ್ತದೆ. ಮುದ್ರಣದಲ್ಲಿ ಅದು ಪರದೆಗಿಂತ ಹೆಚ್ಚು ಎದ್ದು ಕಾಣಬಹುದು.

ಕಳಚುವ ಮೊದಲೇ, ಮೂಲ ಚಿತ್ರದ ಮೇಲೆ, Levels ಸಾಧನದಲ್ಲಿ ಪ್ರತಿ ಚಾನೆಲ್‌ನ ಕಪ್ಪು ಬಿಂದುವನ್ನು ಬೇರೆ ಬೇರೆಯಾಗಿ ಏರಿಸಬೇಕು. ಆಕಾಶದ ನಾಲ್ಕೈದು ಕಡೆ ಅಳೆದು, ಕಂಡ ಅತಿ ದೊಡ್ಡ ಅಂಕಿಗಿಂತ ಸ್ವಲ್ಪ ಮೇಲೆ ನಿಲ್ಲಿಸಿದರೆ ಸಾಕು. ಪೈಥಾನ್ ಸಾಲುಗಳಲ್ಲಿರುವ 18, 14, 11 ಹೀಗೆ ಬಂದವು. ಮೂರಕ್ಕೂ ಒಂದೇ ಅಂಕಿ ಕೊಟ್ಟರೆ ಒಂದೋ ಕಿತ್ತಳೆ ಛಾಯೆ ಉಳಿಯುತ್ತದೆ, ಇಲ್ಲವೇ ನೀಲಿಯ ಮಂದ ಕಿಡಿಗಳು ಸಾಯುತ್ತವೆ. ಬರಿದೇ ಕಳೆಯುವುದಕ್ಕಿಂತ Levels ಒಳ್ಳೆಯದು, ಏಕೆಂದರೆ ಅದು ಕೆಳಗೆ ಕಳೆದು ಮೇಲೆ ಹಿಗ್ಗಿಸುತ್ತದೆ: 14 ಕಳೆದರೆ 200 ನೇರವಾಗಿ 186ಕ್ಕೆ ಇಳಿಯುತ್ತದೆ, Levels ನಲ್ಲಿ 197 ಆಗಿ ಉಳಿಯುತ್ತದೆ. ಇದಾದ ಮೇಲೆ Difference ಪರೀಕ್ಷೆಯನ್ನು ಕಪ್ಪು ಬಿಂದು ಸರಿಪಡಿಸಿದ ಚಿತ್ರದೊಂದಿಗೇ ಹೋಲಿಸಿ ಮಾಡಬೇಕು, ಕ್ಯಾಮರಾದಿಂದ ಬಂದದ್ದರೊಂದಿಗಲ್ಲ.

ಕಪ್ಪು ಬಿಂದುವನ್ನು ಬಿಟ್ಟುಬಿಟ್ಟರೆ ಇನ್ನೊಂದು ತೊಂದರೆಯೂ ಇದೆ. ಸೆನ್ಸರಿನ ಗದ್ದಲದಿಂದ ಬಂದ (1, 0, 2) ಎಂಬ ಪಿಕ್ಸೆಲ್ ಭಾಗಾಕಾರದ ಬಳಿಕ (128, 0, 255) ಎಂಬ ಗಾಢ ನೇರಳೆಯಾಗುತ್ತದೆ. ಆಲ್ಫಾ 0.008 ಇರುವ ತನಕ ಅದು ಕಾಣುವುದಿಲ್ಲ. ಆದರೆ ಬೆಡಿ ಇನ್ನಷ್ಟು ಹೊಳೆಯಲೆಂದು ಯಾರಾದರೂ ಆ ಪದರವನ್ನು ನಾಲ್ಕೈದು ಬಾರಿ ನಕಲಿಸಿ ಒಂದರ ಮೇಲೊಂದು ಇಟ್ಟರೆ ಆಕಾಶದ ತುಂಬ ಬಣ್ಣದ ಪುಡಿ ಎದ್ದು ಬರುತ್ತದೆ. ಜೆಪೆಗ್ ಕಡತವಾದರೆ ಪುಡಿಯ ಬದಲು 8 ಪಿಕ್ಸೆಲ್ ಅಗಲದ ಚೌಕಗಳು ಕಾಣುತ್ತವೆ. ಹಾಗೆ ಕಂಡರೆ ಕ್ಯಾಮರಾದ ರಾ ಕಡತದಿಂದಲೇ ಮತ್ತೆ ಆರಂಭಿಸುವುದು ಲೇಸು.

ಆಕಾಶದ ಕೆಳಭಾಗ ತೇರುಬೀದಿಯ ದೀಪಗಳಿಂದ ಬೆಳಗಿ, ಮೇಲ್ಭಾಗ ಕಪ್ಪಾಗಿದ್ದರೆ ಒಂದೇ ಕಪ್ಪು ಬಿಂದು ಎರಡಕ್ಕೂ ಹೊಂದದು. ಬೆಡಿ ಶುರುವಾಗುವ ಮೊದಲು, ಟ್ರೈಪಾಡನ್ನು ಕದಲಿಸದೆ, ಅದೇ ಎಕ್ಸ್‌ಪೋಶರಿನಲ್ಲಿ ಖಾಲಿ ಆಕಾಶದ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಅದನ್ನು Subtract ಮೋಡ್‌ನಲ್ಲಿ ಮೇಲಿಟ್ಟು ಈ ಏರುಪೇರನ್ನು ತೆಗೆಯಬಹುದು. ಹೊಳಪು ತುಸು ಕುಂದಿದರೂ ನೇರ ಗೆರೆ ಹೋಗುತ್ತದೆ. ಹೊಗೆ ಮಾತ್ರ ಆ ಖಾಲಿ ಚಿತ್ರದಲ್ಲಿ ಇರುವುದಿಲ್ಲ, ಆದ್ದರಿಂದ ಕೊನೆಯ ಸುತ್ತಿನ ಬೆಡಿಗಿಂತ ಮೊದಲ ಸುತ್ತಿನದೇ ಕಳಚಲು ಅನುಕೂಲ.

ನಿಮ್ಮಲ್ಲಿ ಸರಿ, ಮುದ್ರಕರಲ್ಲಿ ತಪ್ಪು ಎಂದಾದರೆ

ಕಪ್ಪಿನ ಮೇಲೂ ಫ್ಲೆಕ್ಸಿನ ಮೇಲೂ ಸರಿಬಂದ ಕಡತ ಬೇರೆ ತಂತ್ರಾಂಶದಲ್ಲಿ ಮಸಿಯಂಚು ತೋರಿಸಿದರೆ ಎರಡು ಕಾರಣಗಳನ್ನು ನೋಡಬೇಕು. ಮೊದಲನೆಯದು, ಬಣ್ಣವನ್ನು ಆಲ್ಫಾದಿಂದ ಗುಣಿಸಿಟ್ಟಿದೆಯೋ ಇಲ್ಲವೋ ಎಂಬ ಗೊಂದಲ. ಪಿಎನ್‌ಜಿ ಕಡತದ ನಿಯಮದಂತೆ ಬಣ್ಣ ಗುಣಿಸದೆಯೇ ಇರಬೇಕು. ಟಿಫ್ ಕಡತದಲ್ಲಿ ಎರಡೂ ಬಗೆ ಸಾಧ್ಯ. ಆಫ್ಟರ್ ಎಫೆಕ್ಟ್ಸ್‌ಗೆ ತೆಗೆದುಕೊಂಡಾಗ Interpret Footage ನಲ್ಲಿ Straight ಎಂದಿರಬೇಕು. ಎರಡನೆಯದು, ಕಳಚಿದ ಮೇಲೆ ಚಿತ್ರವನ್ನು ಚಿಕ್ಕದು ಮಾಡಿರುವುದು. ಪೂರ್ತಿ ಪಾರದರ್ಶಕವಾದ ಪಿಕ್ಸೆಲ್ಲುಗಳಲ್ಲಿ ಅಡಗಿರುವ ಕಪ್ಪನ್ನು ಕೆಲವು ಸಾಧನಗಳು ನೆರೆಯ ಬಣ್ಣದೊಂದಿಗೆ ಸರಾಸರಿ ಮಾಡಿಬಿಡುತ್ತವೆ. ಮೊದಲು ಬೇಕಾದ ಅಳತೆಗೆ ತಂದು ಆಮೇಲೆ ಕಳಚಿದರೆ ಇದರ ಭಯವಿಲ್ಲ.

ಈ ವಿಧಾನದಿಂದ ಆಗದ್ದು

ಚೌಕಟ್ಟಿನ ಕೆಳಗೆ ತೆಂಗಿನ ಗರಿಗಳೋ ತೇರಿನ ಶಿಖರವೋ ನೆರಳಾಗಿ ಬಂದಿದ್ದರೆ ಅವೂ ಕಪ್ಪೇ ಆದ್ದರಿಂದ ಪಾರದರ್ಶಕವಾಗುತ್ತವೆ, ಫ್ಲೆಕ್ಸಿನ ಬಣ್ಣ ಅವುಗಳೊಳಗಿಂದ ತೋರುತ್ತದೆ. ಹೊಳಪಿಗೆ ಆಕಾಶದ ಕಪ್ಪು, ಗರಿಯ ಕಪ್ಪು ಎಂಬ ಭೇದ ತಿಳಿಯದು. ಅವು ಬೇಕೆಂದಾದರೆ ಕೈಯಿಂದಲೇ ಪ್ರತ್ಯೇಕ ಮಾಸ್ಕ್ ಬರೆಯಬೇಕು. ಬೆಡಿಯ ಬೆಳಕು ಬಿದ್ದ ಹೊಗೆಯದೂ ಹೀಗೆಯೇ: ನಿಜದಲ್ಲಿ ಹೊಗೆ ಹಿಂದಿನದನ್ನು ಮುಚ್ಚುತ್ತದೆ, ಇಲ್ಲಿ ಅದು ಬರಿಯ ತೆಳು ಬೆಳಕಾಗಿ ಬರುತ್ತದೆ.

ಬಿಳಿ ಕಾಗದದ ಆಮಂತ್ರಣ ಪತ್ರಿಕೆಯ ಮೇಲೆ ಈ ಪದರವನ್ನು ಇಡಬೇಕೆಂದು ಕೇಳುವವರು ಇದ್ದೇ ಇರುತ್ತಾರೆ. ಮಂದ ಪಿಕ್ಸೆಲ್ (40, 24, 8) ಬಿಳಿಯ ಮೇಲೆ (255, 239, 223) ಆಗುತ್ತದೆ. ಬಾಲದ ಜಾಗದಲ್ಲಿ ಹಳದಿ ಮಿಶ್ರಿತ ಮಾಸಲು ಕಲೆ ಉಳಿದು, ಬಿಳಿ ಹೂವು ಪೂರ್ತಿ ಕಾಣೆಯಾಗುತ್ತದೆ. ಬಿಳಿಗಿಂತ ಹೊಳೆಯುವ ಬೆಳಕನ್ನು ಕಾಗದದ ಮೇಲೆ ತೋರಿಸುವ ಆಲ್ಫಾ ಯಾವುದೂ ಇಲ್ಲ. ಅಂಥ ಪತ್ರಿಕೆಯಲ್ಲಿ ಬೆಡಿಗೆಂದು ಗಾಢ ಬಣ್ಣದ ಒಂದು ಪಟ್ಟಿಯನ್ನು ಬಿಟ್ಟುಕೊಡುವಂತೆ ವಿನ್ಯಾಸದ ಹಂತದಲ್ಲೇ ಕೇಳಿಕೊಳ್ಳಬೇಕು. ಹಿನ್ನೆಲೆಯೂ ಬೆಡಿಯೂ ಒಂದೇ ಕಡತದಲ್ಲಿ ಇದ್ದು, ಪದರಗಳನ್ನು ಒಂದಾಗಿಸಿಯೇ ಮುದ್ರಣಕ್ಕೆ ಕಳುಹಿಸುವುದಾದರೆ ಕಳಚುವ ಗೋಜೇ ಬೇಡ: ಕಪ್ಪು ಬಿಂದು ಸರಿಪಡಿಸಿದ ಚಿತ್ರವನ್ನು Screen ಮೋಡ್‌ನಲ್ಲಿ ಮೇಲಿಟ್ಟರೆ ಕಪ್ಪು ತಾನಾಗಿ ಮರೆಯಾಗುತ್ತದೆ.